ತಪ್ಪು ಉತ್ತರಕ್ಕೆ ರೊಟ್ಟಿ

ಕಮಲಾಪುರದ ಸರ್ಕಾರಿ ಶಾಲೆಯಲ್ಲಿ ಗಣಿತ ಕಲಿಸುವ ತ್ರಿವೇಣಿಗೆ ಒಂದು ಚಾಳಿಯಿತ್ತು. ಮಕ್ಕಳು ಬರೆದ ಚಿತ್ರವಿರಲಿ, ಮಾಡಿದ ಮಾದರಿಯಿರಲಿ, ಕೊನೆಗೆ ತಾನೊಂದು ಗೆರೆ ಎಳೆಯದಿದ್ದರೆ ಆಕೆಗೆ ಸಮಾಧಾನವಾಗುತ್ತಿರಲಿಲ್ಲ. ಅದನ್ನು ಆಕೆ ಪ್ರೀತಿ ಎಂದೇ ತಿಳಿದಿದ್ದಳು, ಪಾಪ.

ಆ ವರ್ಷ ಕಲಬುರಗಿಯಲ್ಲಿ ಸ್ಕ್ರಾಚ್ ಆಟಗಳ ಪ್ರದರ್ಶನವಿತ್ತು. ಕಂಪ್ಯೂಟರಿನಲ್ಲಿ ಬಣ್ಣದ ಬ್ಲಾಕುಗಳನ್ನು ಒಂದಕ್ಕೊಂದು ಜೋಡಿಸಿ ಮಕ್ಕಳೇ ಆಟ ಕಟ್ಟಬೇಕು, ಆ ಆಟ ಒಂದು ಪಾಠ ಕಲಿಸಬೇಕು. ಆಯ್ಕೆಯಾದ ಆಟ ಸುತ್ತಲಿನ ಶಾಲೆಗಳ ಕಂಪ್ಯೂಟರುಗಳಿಗೆಲ್ಲ ಹೋಗುತ್ತದೆ. ತ್ರಿವೇಣಿ ಬೋರ್ಡಿನ ಮೇಲೆ ಹತ್ತು ಐಡಿಯಾ ಬರೆದಳು: ಸಂಖ್ಯಾರೇಖೆಯ ಮೇಲೆ ಜಿಗಿಯುವ ಕಪ್ಪೆ, ಆಹಾರ ಸರಪಳಿ ಜೋಡಿಸುವ ಆಟ, ನಕ್ಷೆಯಲ್ಲಿ ನದಿ ಹುಡುಕುವುದು, ಹೀಗೆ.

ಆರನೇ ತರಗತಿಯ ಮಾಯಾ ಆ ಹತ್ತರಲ್ಲಿ ಒಂದನ್ನೂ ಮುಟ್ಟಲಿಲ್ಲ. ಅವಳು ಜೋಳದ ರೊಟ್ಟಿ ಬಿಡಿಸಿದಳು. ಒಂದರಲ್ಲಿ ಮೂರನೇ ಒಂದು ಭಾಗ, ಇನ್ನೊಂದರಲ್ಲಿ ನಾಲ್ಕನೇ ಒಂದು ಭಾಗ. ಯಾವುದು ದೊಡ್ಡದು? ಸರಿಯಾಗಿ ಒತ್ತಿದರೆ ಮುಂದಿನ ಪ್ರಶ್ನೆ. ತಪ್ಪಿದರೆ ಸಣ್ಣ ತುಂಡು ಮೆಲ್ಲಗೆ ಜಾರಿಹೋಗಿ ದೊಡ್ಡ ತುಂಡಿನ ಮೇಲೆ ಕೂರುತ್ತಿತ್ತು; ಕೆಳಗಿನದು ಎಷ್ಟು ಹೆಚ್ಚೋ ಅಷ್ಟು ಹೊರಗೆ ಕಾಣುತ್ತಿತ್ತು. ಎರಡೂ ತುಂಡಿನ ಚೂಪು ತುದಿ ಒಂದೇ ಕಡೆ ಬೀಳಲೆಂದು ಹುಡುಗಿ ಎರಡು ದಿನ ಚಿತ್ರ ಎಳೆದಾಡಿದ್ದಳು.

“ನಾಕು ದೊಡ್ಡದಲ್ರಿ ಟೀಚರ್, ಅದಕ್ಕ ನಾಕನೇ ಒಂದು ಭಾಗಾನೂ ದೊಡ್ಡದು ಅಂತ ತಿಳ್ಕೊಂಡಿದ್ದೆ. ಒಂದರ ಮ್ಯಾಲ ಒಂದು ಇಟ್ಟು ನೋಡಿದ ಮ್ಯಾಗ ತಿಳೀತು. ಎಲ್ಲಾರಿಗೂ ಹಂಗೇ ತೋರಸಬೇಕಂತ ಮಾಡೀನ್ರಿ,” ಎಂದಳು ಮಾಯಾ.

“ಛಲೋ ಅದವ್ವಾ. ಆದ್ರ ಅಂಕ ಇಲ್ಲ, ಟೈಮ್ ಇಲ್ಲ. ಇದು ಆಟ ಅನ್ನಿಸ್ತದೇನು?”

ಮಾಯಾ ಕುರ್ಚಿ ಬಿಟ್ಟು ಎದ್ದಳು. ಟೀಚರ್ ಅಂದಮೇಲೆ ಅಂದ ಹಾಗೆಯೇ.

ತ್ರಿವೇಣಿ ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಕಲಬುರಗಿಯ ಖೂಬಾ ಪ್ಲಾಟಿನ ತನ್ನ ಮನೆಗೆ ಒಯ್ದಳು. ಭಾನುವಾರವಿಡೀ ಕೂತು ಹತ್ತು ಸೆಕೆಂಡಿನ ಟೈಮರ್ ಹಾಕಿದಳು, ಅಂಕ ಎಣಿಸುವ ಬ್ಲಾಕು ಹಾಕಿದಳು, ಮೂರು ಜೀವ ಕೊಟ್ಟಳು. ತುಂಡು ಜಾರುವಷ್ಟರಲ್ಲಿ ಟೈಮ್ ಮುಗಿದುಹೋಗುತ್ತಿತ್ತು. ಹಾಗಾಗಿ ಆ ಬ್ಲಾಕುಗಳನ್ನು ಕಿತ್ತು ಎಸೆದು, ತಪ್ಪಾದರೆ ಗಂಟೆ ಬಾರಿಸಿ ಒಂದು ಜೀವ ಕಳೆಯುವಂತೆ ಮಾಡಿದಳು. ಸೋಮವಾರ ಶಾಲೆಯ ಕಂಪ್ಯೂಟರಿಗೆ ಹಾಕುವಾಗ ಅದೇ ಹೆಸರಿನ ಫೈಲ್ ಇದೆ, ಬದಲಿಸಲೇ ಎಂದು ಅದು ಕೇಳಿತು. ಆಕೆ ಹಿಂದೆಮುಂದೆ ನೋಡದೆ ಹೂಂ ಅಂದಳು. ಪೆನ್‌ಡ್ರೈವಿನಲ್ಲೂ ಹೊಸದೇ ಇತ್ತು; ಮಾಯಾ ಕಟ್ಟಿದ್ದು ಎಲ್ಲೂ ಉಳಿಯಲಿಲ್ಲ.

ಪ್ರದರ್ಶನದಲ್ಲಿ ತೀರ್ಪು ಕೊಡಲು ಬಂದವರು ಆಯೇಶಾ ಮೇಡಂ, ಶಿಕ್ಷಕರಿಗೇ ತರಬೇತಿ ಕೊಡುವವರು. ಅವರು ಬೇಕೆಂದೇ ತಪ್ಪು ತುಂಡನ್ನು ಒತ್ತಿದರು. ಗಂಟೆ ಬಾರಿಸಿತು, ಒಂದು ಜೀವ ಹೋಯಿತು.

“ತಪ್ಪು ಒತ್ತಿದ ಹುಡುಗರಿಗೆ ಇದರಿಂದ ಏನ್ ತಿಳೀತದ ಬೇಟಾ?”

ಮಾಯಾ ತ್ರಿವೇಣಿಯ ಮುಖ ನೋಡಿದಳು. ತ್ರಿವೇಣಿ ಆಗಲೇ ಹೇಳಬಹುದಿತ್ತು. ಇವಳು ಮಾಡಿದ್ದು ಬೇರೆ, ಕೆಡಿಸಿದವಳು ನಾನು ಎಂದು ಒಂದು ಮಾತು ಸಾಕಿತ್ತು. ಸುತ್ತ ಬೇರೆ ಶಾಲೆಯ ಶಿಕ್ಷಕರು ನಿಂತಿದ್ದರು. ತ್ರಿವೇಣಿ ಮೇಜಿನ ಮೇಲಿನ ವೈರು ಸರಿಪಡಿಸತೊಡಗಿದಳು.

“ಏನೂ ತಿಳ್ಯಾಂಗಿಲ್ರಿ,” ಎಂದಳು ಮಾಯಾ, ತಲೆ ತಗ್ಗಿಸಿ.

ಮೇಡಂ ಹಾಳೆಯಲ್ಲಿ ಏನೋ ಗೀಚಿ ಮುಂದಿನ ಮೇಜಿಗೆ ಹೋದರು. ಆಟ ಆಯ್ಕೆಯಾಗಲಿಲ್ಲ.

ಬಸ್ಸಿನಲ್ಲಿ ಕಮಲಾಪುರಕ್ಕೆ ಮರಳುವಾಗ ತ್ರಿವೇಣಿ ಮಾಯಾಳ ಪಕ್ಕ ಬಂದು ಕೂತಳು. “ನಂದೇ ತಪ್ಪವ್ವಾ. ನೀ ಮಾಡಿದ್ದೇ ಛಲೋ ಇತ್ತು. ಮೊದಲಿನಂಗ ಇನ್ನೊಮ್ಮೆ ಮಾಡ್ತಿಯೇನು?” ಎಂದಳು.

“ಇರ್ಲಿ ಬಿಡ್ರಿ ಟೀಚರ್,” ಎಂದು ಮಾಯಾ ಕಿಟಕಿಯ ಕಡೆ ತಿರುಗಿದಳು. ಆ ಮಾತು ಮೇಡಂ ಎದುರಿಗೆ ಆಡಬೇಕಾಗಿತ್ತು ಎಂಬುದು ತ್ರಿವೇಣಿಗೂ ಗೊತ್ತಿತ್ತು.

ಹದಿನೈದು ದಿನದ ಮೇಲೆ ಮಾಯಾ ತಾನಾಗಿ ಬಂದು ಹೊಸ ಆಟ ತೋರಿಸಿದಳು. ಸಂಖ್ಯಾರೇಖೆಯ ಮೇಲೆ ಕಪ್ಪೆ. ಬೋರ್ಡಿನ ಮೇಲಿನ ಮೊದಲ ಐಡಿಯಾ. ಸೊನ್ನೆಯಿಂದ ಎಡಕ್ಕೆ ಎರಡು, ಬಲಕ್ಕೆ ಐದು ಜಿಗಿದರೆ ಕಪ್ಪೆ ಎಲ್ಲಿ? ತ್ರಿವೇಣಿ ಮೌಸು ಹಿಡಿದಳು. ಬೇಕೆಂದೇ ಏಳು ಎಂದು ಒತ್ತಿದಳು. ಕಪ್ಪೆ ಜಿಗಿದು ತೋರಿಸೀತು ಎಂದು ಕಾದಳು.

ಗಂಟೆ ಬಾರಿಸಿತು. ಮೂರು ಜೀವದಲ್ಲಿ ಒಂದು ಹೋಯಿತು.

“ಕಪ್ಪಿ ಯಾಕ ಜಿಗೀಲಿಲ್ಲ ಮಾಯಾ?”

“ಜಿಗಿದ್ರ ಟೈಮ್ ಹೋಗ್ತದಲ್ರಿ,” ಎಂದಳು ಹುಡುಗಿ, ಭಾರಿ ವಿನಯದಿಂದ. “ಈ ಸಲ ನಿಮಗ ತ್ರಾಸ ಆಗಬಾರ್ದು ಅಂತ ಟೈಮ್, ಜೀವ, ಗಂಟಿ ಎಲ್ಲಾ ನಾನೇ ಹಾಕೀನ್ರಿ ಟೀಚರ್. ಬರೋಬರಿ ಅದ ಅಲ್ರಿ?”