ನೀರಿನ ಮೇಜಿನ ಮೂವತ್ತು ಸೆಕೆಂಡು

ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವುದು ಅವಳ ಕೆಲಸ. ಕೂದಲೆಳೆಯಷ್ಟು ಹೆಚ್ಚಾದರೆ ಗಾಜು ಕೂರುವುದಿಲ್ಲ, ಕಡಿಮೆಯಾದರೆ ನಿಲ್ಲುವುದಿಲ್ಲ. ಹದಿನಾಲ್ಕು ವರ್ಷ ಇದೇ ಕೆಲಸ ಮಾಡಿ ಅವಳ ಸ್ವಭಾವವೂ ಹಾಗೇ ಆಗಿತ್ತು. ಯಾರಾದರೂ ಐದು ನಿಮಿಷ ತಡವಾಗಿ ಬಂದರೆ ಮುಖ ಗಂಟು ಹಾಕಿಕೊಳ್ಳುತ್ತಿದ್ದಳು.

ಅವಳನ್ನು ಓಟಕ್ಕೆ ಹಚ್ಚಿದವನು ಅಣ್ಣ. ಅವಳ ಮದುವೆ ಮುರಿದ ವರ್ಷ, ಮೂರು ತಿಂಗಳು ಅಂಗಡಿ ಬಿಟ್ಟರೆ ಹಾಸಿಗೆ, ಹಾಸಿಗೆ ಬಿಟ್ಟರೆ ಅಂಗಡಿ ಎಂದು ಅವಳು ಬದುಕುತ್ತಿದ್ದಾಗ, ಒಂದು ಬೆಳಿಗ್ಗೆ ಬಂದು ಬಾಗಿಲು ಬಡಿದಿದ್ದ. "ಏಳೇ ಕಡ್ಡಿ. ಅಳೋದಾದ್ರೆ ಓಡ್ತಾ ಅಳು, ಬೆವರು ಅಂದ್ಕೋತಾರೆ." ಸಣ್ಣಗಿದ್ದಾಳೆಂದು ಚಿಕ್ಕಂದಿನಿಂದ ಅವನು ಕರೆಯುವ ಹೆಸರು ಅದು. ಅವನು ಲಿಫ್ಟ್ ರಿಪೇರಿ ಮಾಡುವವನು. ದಿನವಿಡೀ ಯಾರದೋ ಕಟ್ಟಡದ ನೆತ್ತಿಯ ಮೇಲೆ, ಎಣ್ಣೆ ಮೆತ್ತಿದ ಹಗ್ಗಗಳ ನಡುವೆ ಇರುತ್ತಿದ್ದ. ಬೆಳಗಿನ ಒಂದೂವರೆ ಗಂಟೆ ಮಾತ್ರ ತಂಗಿಯದು.

ಹೀಗೆ ಶುರುವಾಗಿದ್ದು ಮ್ಯಾರಥಾನಿಗೆ ಹೋಗಿ ಮುಟ್ಟಿತು. ಆರು ವರ್ಷ, ವರ್ಷಕ್ಕೊಂದರಂತೆ, ಇಬ್ಬರೂ ಜೊತೆಯಲ್ಲೇ ನಲವತ್ತೆರಡು ಕಿಲೋಮೀಟರು ಓಡಿದರು. ವರ್ಷದಿಂದ ವರ್ಷಕ್ಕೆ ಅವಳ ಸಮಯ ಇಳಿಯಿತು. ನಾಲ್ಕು ಗಂಟೆಯೊಳಗೆ ಮುಗಿಸಬೇಕೆಂಬ ಹುಚ್ಚು ಹಿಡಿಯಿತು.

ದಾರಿಯಲ್ಲಿ ಐದನೇ ಕಿಲೋಮೀಟರಿನಿಂದ ನಲವತ್ತರವರೆಗೆ, ಎರಡೂವರೆ ಕಿಲೋಮೀಟರಿಗೊಂದು ನೀರಿನ ಮೇಜುಗಳ ಸಾಲು. ಒಟ್ಟು ಹದಿನೈದು. ಮೇಜು ದೂರದಲ್ಲಿ ಕಂಡರೆ ಸಾಕು, ಅಣ್ಣ ಅವಳನ್ನು ಬಿಟ್ಟು ಮುಂದೆ ನುಗ್ಗುತ್ತಿದ್ದ. ಅವಳು ಹತ್ತಿರ ಬರುವಷ್ಟರಲ್ಲಿ ಕಾಗದದ ಲೋಟದ ಬಾಯಿ ಅದುಮಿ ಕೈಗಿಡುತ್ತಿದ್ದ. ಅವಳು ಓಡುತ್ತಲೇ ಎರಡು ಗುಟುಕು ಕುಡಿದು ಎಸೆಯುತ್ತಿದ್ದಳು. ಅವನು ಅಲ್ಲೇ ನಿಂತು ತಾನು ಕುಡಿದು, ತಲೆಗೊಂದಿಷ್ಟು ಸುರಿದುಕೊಂಡು, ಕೊಟ್ಟವರಿಗೆ ಥ್ಯಾಂಕ್ಸ್ ಹೇಳಿ, ಆಮೇಲೆ ಏದುಸಿರು ಬಿಡುತ್ತ ಬಂದು ಸೇರಿಕೊಳ್ಳುತ್ತಿದ್ದ. ಅವಳಿಗೆ ಕಾಣುತ್ತಿದ್ದುದು ಇಷ್ಟೇ: ಅಣ್ಣ ಪ್ರತಿ ಮೇಜಿನಲ್ಲೂ ನಿಲ್ಲುತ್ತಾನೆ, ಹಿಂದೆ ಬೀಳುತ್ತಾನೆ.

ಆರನೇ ವರ್ಷ ಎಲ್ಲವೂ ಕೂಡಿ ಬಂದಿತ್ತು. ಮೂವತ್ತೈದನೇ ಕಿಲೋಮೀಟರಿನ ಮೇಜಿನಲ್ಲಿ ಅಣ್ಣ ಲೋಟ ಕೊಟ್ಟ. ಅವಳು ಮುಂದೆ ಹೋದಳು. ಎಷ್ಟು ಹೊತ್ತಾದರೂ ಬೆನ್ನ ಹಿಂದೆ ಹೆಜ್ಜೆ ಸಪ್ಪಳ ಕೇಳಲಿಲ್ಲ. ಮೂವತ್ತೇಳೂವರೆಯ ಮೇಜಿನ ಹತ್ತಿರ ನಿಂತು ಹಿಂತಿರುಗಿ ನೋಡಿದಳು. ನೂರಾರು ಜನ ಬಂದರು, ಅವನು ಬರಲಿಲ್ಲ. ಒಂದು ನಿಮಿಷ ಇಪ್ಪತ್ತು ಸೆಕೆಂಡು ಕಾದು, ಹಲ್ಲು ಕಚ್ಚಿಕೊಂಡು ಹೊರಟಳು. ಮುಗಿಸಿದಾಗ ನಾಲ್ಕು ಗಂಟೆ ಇಪ್ಪತ್ತಾರು ಸೆಕೆಂಡು.

ಅಣ್ಣ ಬಂದದ್ದು ಎಷ್ಟೋ ಹೊತ್ತಿನ ಮೇಲೆ, ಒಂದು ಕಾಲು ಎಳೆಯುತ್ತ. ಅವಳಿಗೆ ಕಾಲು ಕಾಣಲಿಲ್ಲ, ಇಪ್ಪತ್ತಾರು ಸೆಕೆಂಡು ಮಾತ್ರ ಕಂಡಿತು.

"ನೀರು ಕಂಡ್ರೆ ಸಾಕು, ಎಮ್ಮೆ ಥರ ನಿಂತ್ಬಿಡ್ತೀಯ! ಹದಿನೈದು ಕಡೆ ನಿಂತು ನಿಂತು ನನ್ನ ನಾಲ್ಕು ಗಂಟೆ ಕುಡಿದುಬಿಟ್ಟೆ. ನೀನಿಲ್ದೇ ಇದ್ದಿದ್ರೆ ನಾನು ಯಾವತ್ತೋ ಮುಗಿಸಿರ್ತಿದ್ದೆ."

ಅಣ್ಣ ಬೆವರು ಒರೆಸಿಕೊಂಡು ನಕ್ಕ. "ಸರಿ ಬಿಡು. ಮುಂದಿನ ಸಲ ಒಬ್ಬಳೇ ಓಡು."

ಆಮೇಲೆ ಅವನು ಬೆಳಗಿನ ಓಟಕ್ಕೆ ಬರಲಿಲ್ಲ, ಮುನಿಸಿಕೊಂಡಿದ್ದಾನೆಂದು ಅವಳೂ ಕರೆಯಲಿಲ್ಲ. ಮೂರು ತಿಂಗಳಿಗೆ ಕಂಪನಿ ಅವನನ್ನು ಬೇರೆ ಊರಿಗೆ ಹಾಕಿತು. ಅವನೂ ಅತ್ತಿಗೆಯೂ ಸಾಮಾನು ಕಟ್ಟಿದರು. ಆಮೇಲೆ ಫೋನಿನಲ್ಲಿ "ಊಟ ಆಯ್ತಾ, ಆಯ್ತು" ಬಿಟ್ಟರೆ ಬೇರೆ ಮಾತಿಲ್ಲ. ಆಡಿದ ಮಾತು ಅವಳ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತ್ತು, ಆದರೆ ತಪ್ಪಾಯಿತು ಎನ್ನಲು ಮನಸ್ಸು ಬರಲಿಲ್ಲ. ತನ್ನ ಮಾತು ನಿಜ ಎಂದೇ ಅವಳು ನಂಬಿದ್ದಳು. ಒಬ್ಬಳೇ ಓಡಿ ಮೂರು ಗಂಟೆ ಐವತ್ತೈದು ನಿಮಿಷ ತೋರಿಸುತ್ತೇನೆ, ಆಮೇಲೆ ನೋಡೋಣ ಅಂದುಕೊಂಡಳು.

ಏಳನೇ ವರ್ಷ ಒಬ್ಬಳೇ ಓಡಿದಳು. ನಾಲ್ಕು ಗಂಟೆ ಆರು ನಿಮಿಷ ನಲವತ್ತೊಂದು ಸೆಕೆಂಡು.

ಅವಳಿದ್ದ ಓಟದ ಗುಂಪಿಗೆ ತರಬೇತಿ ಕೊಡುವವರು ನಿವೃತ್ತ ಗಣಿತದ ಮೇಷ್ಟ್ರು. ಸೋಮವಾರ ಸಂಜೆ ಶಾಲೆಯ ಮೈದಾನದ ಮೆಟ್ಟಿಲ ಮೇಲೆ ಅವಳು ಪ್ರತಿ ಕಿಲೋಮೀಟರಿನ ಸಮಯ ಹಿಡಿದಿಡುವ ಕೈಗಡಿಯಾರ ಬಿಚ್ಚಿ ಅವರ ಕೈಗೆ ಕೊಟ್ಟಳು.

"ವಯಸ್ಸಾಯ್ತು ಮೇಷ್ಟ್ರೇ. ಕಾಲಲ್ಲಿ ಶಕ್ತಿ ಇಲ್ಲ."

"ಕಾಲನ್ನ ಯಾಕಮ್ಮ ಬೈತೀಯ, ಪಾಪ." ಮೇಷ್ಟ್ರು ಒಂದೊಂದು ಕಿಲೋಮೀಟರಿನ ಸಮಯವನ್ನೂ ಹಾಳೆಯ ಮೇಲೆ ಬರೆದರು. ಬರೆದು ಹದಿನೈದಕ್ಕೆ ಸುತ್ತು ಹಾಕಿದರು. "ನೋಡು. ಸುತ್ತು ಹಾಕದೇ ಇರೋದೆಲ್ಲ ಐದು ನಿಮಿಷ ನಲವತ್ತು ಸೆಕೆಂಡು. ಮೊದಲನೇದೂ ಅಷ್ಟೇ, ಕೊನೇದೂ ಅಷ್ಟೇ. ಕುದುರೆ ಥರ ಓಡಿದ್ದೀಯ. ಸುತ್ತು ಹಾಕಿರೋದು ಆರು ನಿಮಿಷ ಹತ್ತು. ಅಲ್ಲೆಲ್ಲ ಏನಿತ್ತು?"

ಅವಳು ನೋಡಿದಳು. "ನೀರಿನ ಮೇಜು."

"ಏನು ಮಾಡಿದೆ ಅಲ್ಲಿ?"

"ಏನೂ ಇಲ್ಲ. ನೀರು ಕುಡಿದೆ."

"ಹೇಗೆ ಕುಡಿದೆ?"

ಅವಳು ನೆನಪು ಮಾಡಿಕೊಂಡಳು. ಪ್ರತಿ ಸಾಲಿನ ಮೊದಲ ಮೇಜಿಗೇ ಎಲ್ಲರೂ ಮುಗಿಬೀಳುತ್ತಿದ್ದರು. ಅವಳೂ ಆ ನೂಕುನುಗ್ಗಲಲ್ಲಿ ನಿಧಾನಿಸಿ, ಕೈ ಚಾಚಿ, ತುಂಬಿದ ಲೋಟ ಚೆಲ್ಲದಂತೆ ಹಿಡಿದು, ನಿಂತು ಕುಡಿದು, ಬುಟ್ಟಿ ಹುಡುಕಿ ಹಾಕಿ, ಮತ್ತೆ ಓಟ ಶುರು ಮಾಡಿ ಹಳೇ ವೇಗಕ್ಕೆ ಬರುತ್ತಿದ್ದಳು. ಪ್ರತಿ ಸಲವೂ ಅರೆಗಳಿಗೆಯ ಕೆಲಸ ಅನ್ನಿಸಿತ್ತು.

"ಮೂವತ್ತು ಸೆಕೆಂಡು," ಎಂದರು ಮೇಷ್ಟ್ರು. "ಹದಿನೈದು ಸಲ. ಏಳೂವರೆ ನಿಮಿಷ. ನೀನು ನಿಧಾನ ಓಡಿಲ್ಲಮ್ಮ, ನಿಂತಿದ್ದೀಯ. ನೀನು ನಿಂತ್ರೆ ಗಡಿಯಾರ ನಿಲ್ಲುತ್ತಾ? ಹೋದ ವರ್ಷ ಈ ಸುತ್ತುಗಳೇ ಇರ್ಲಿಲ್ಲವಲ್ಲ. ಹೇಗೆ ಕುಡೀತಿದ್ದೆ?"

ಮೈದಾನದಲ್ಲಿ ಯಾರೋ ಶಿಳ್ಳೆ ಊದುತ್ತಿದ್ದರು. ಮೇಷ್ಟ್ರು ಹಾಳೆ ಮಡಚಿ ಕೊಟ್ಟು, ಅವಳ ಮುಖ ನೋಡಿ, ಮತ್ತೇನೂ ಕೇಳದೆ ಎದ್ದು ಹೋದರು.

ಮನೆಗೆ ಬಂದು ಫೋನಿನಲ್ಲಿ ಹಿಂದಿನ ವರ್ಷದ ಫಲಿತಾಂಶ ತೆರೆದಳು. ತನ್ನದನ್ನು ನೂರು ಸಲ ನೋಡಿದ್ದಳು, ಅಣ್ಣನದನ್ನು ಒಮ್ಮೆಯೂ ನೋಡಿರಲಿಲ್ಲ. ಐದು, ಹತ್ತು, ಹದಿನೈದನೇ ಕಿಲೋಮೀಟರು, ಸಮಯ ದಾಖಲಾದ ಎಲ್ಲ ಕಡೆಯೂ ಅವಳಿಗಿಂತ ಒಂದು ಸೆಕೆಂಡು ಹಿಂದೆ, ಇಲ್ಲವೇ ಮುಂದೆ. ಹದಿಮೂರು ಸಲ ಅವಳ ಪಾಲಿನ ನಿಲುಗಡೆಯನ್ನು ತಾನು ನಿಂತು, ಹನ್ನೆರಡು ಸಲ ಅದನ್ನು ಕಾಲಿನಿಂದ ತೀರಿಸಿದ್ದ. ಮೂವತ್ತೈದರಲ್ಲೂ ಜೊತೆಯಲ್ಲೇ. ಆಮೇಲಿನ ಏಳು ಕಿಲೋಮೀಟರಿಗೆ ಅವನು ಒಂದು ಗಂಟೆಗಿಂತ ಹೆಚ್ಚು ತೆಗೆದುಕೊಂಡಿದ್ದ.

ಅವಳು ಫೋನ್ ಮಾಡಿದಳು. ಎತ್ತಿದ್ದು ಅತ್ತಿಗೆ.

"ಅತ್ತಿಗೆ, ಹೋದ ವರ್ಷ ಅಣ್ಣನ ಕಾಲಿಗೆ ಏನಾಗಿತ್ತು?"

"ಈಗ ಕೇಳ್ತಿದ್ದೀಯಲ್ಲ ತಾಯಿ. ಮೊಣಕಾಲೊಳಗಿನ ಮೆತ್ತೆ ಹರಿದಿತ್ತು. ನಿನ್ನ ಹಿಂದೆ ಓಡಿ ಬರೋವಾಗ ಚಟ್ ಅಂತಂತೆ. ಅವಳಿಗೆ ಹೇಳ್ಬೇಡ ಅಂದ್ರು. ಇಲ್ಲಿಗೆ ಬಂದ ಮೇಲೆ ಆಪರೇಷನ್ ಆಯ್ತು. ಇನ್ನು ನಡೀಬಹುದು, ಓಡೋ ಹಾಗಿಲ್ಲ."

ಭಾನುವಾರ ಬಸ್ಸು ಹಿಡಿದು ಹೋದಳು. ಅಣ್ಣ ಮನೆಯಲ್ಲಿರಲಿಲ್ಲ. ಎರಡು ರಸ್ತೆ ಆಚೆ ಹನ್ನೊಂದು ಮಹಡಿಯ ಕಟ್ಟಡದಲ್ಲಿ ಲಿಫ್ಟ್ ಕೆಟ್ಟಿತ್ತು. ಮಹಡಿ ಹತ್ತಿದಳು. ತುದಿಯ ಯಂತ್ರದ ಕೋಣೆಯಲ್ಲಿ, ಗ್ರೀಸಿನ ವಾಸನೆಯ ನಡುವೆ, ಮೊಣಕಾಲು ಚಾಚಿಕೊಂಡು ಕೂತು ಅವನು ತಂತಿ ಬಿಗಿಯುತ್ತಿದ್ದ.

"ಹನ್ನೊಂದು ಮಹಡಿ ಹತ್ತಿ ಬಂದ್ಯಾ? ಇನ್ನು ಹತ್ತು ನಿಮಿಷ ಕಾದಿದ್ರೆ ಲಿಫ್ಟಲ್ಲೇ ಬರ್ತಿದ್ದೆ. ನಿಂಗೆ ಕಾಯೋದೇ ಗೊತ್ತಿಲ್ಲ."

ಅವನು ತಮಾಷೆಗೆ ಅಂದದ್ದು. ಅವಳು ಅಲ್ಲೇ ಗೋಡೆಗೊರಗಿ ಅತ್ತುಬಿಟ್ಟಳು. ಬೆವರು ಎನ್ನಲು ಅವಕಾಶವೇ ಇರಲಿಲ್ಲ.

"ಯಾಕೆ ಹೇಳ್ಲಿಲ್ಲ ಅಣ್ಣ? ಅಷ್ಟು ಬೈದೆನಲ್ಲ, ಆವಾಗಾದ್ರೂ ಹೇಳ್ಬಾರ್ದಿತ್ತಾ?"

"ಓಡೋವಾಗ ಹೇಳಿದ್ರೆ ನೀನೂ ನಿಂತ್ಬಿಡ್ತಿದ್ದೆ. ಆಮೇಲೆ ಹೇಳಿದ್ರೆ ಓಡೋದನ್ನೇ ಬಿಡ್ತಿದ್ದೆ." ಅವನು ಸ್ಕ್ರೂ ಡ್ರೈವರ್ ಕೆಳಗಿಟ್ಟ. "ನಾಲ್ಕು ಆರು ಆಯ್ತಂತಲ್ಲ. ನೋಡಿದೆ ಫೋನಲ್ಲಿ. ಮೊದಲ ಮೇಜಿಗೇ ನುಗ್ಗಿದ್ಯಾ?"

"ಹೂಂ."

"ಪೆದ್ದು. ಮೊದಲನೇದು ಸಂತೆ. ಮೂರು ನಾಲ್ಕು ಮೇಜು ಸಾಲಾಗಿ ಇಟ್ಟಿರ್ತಾರೆ, ಕೊನೇದಕ್ಕೆ ಹೋಗು. ದೂರದಿಂದಲೇ ಒಬ್ಬರನ್ನ ನೋಡಿ ಕೈ ತೋರ್ಸು, ಅವರು ಲೋಟ ಮುಂದೆ ಚಾಚ್ತಾರೆ. ತಗೊಂಡ ತಕ್ಷಣ ಬಾಯಿ ಅದುಮು, ಚೆಲ್ಲಲ್ಲ. ನಿಲ್ಲಬೇಡ. ಸೊಂಟಕ್ಕೊಂದು ಸಣ್ಣ ಬಾಟ್ಲಿ ಕಟ್ಕೋ, ಮೊದಲ ಐದು ಸಾಲು ಮರೆತುಬಿಡು." ಎಣ್ಣೆ ಒರೆಸುವ ಬಟ್ಟೆಯ ತುದಿಯನ್ನೇ ಲೋಟ ಮಾಡಿ, ಹೇಗೆ ಅದುಮಬೇಕೆಂದು ತೋರಿಸಿದ.

"ನೀನು ಬಾ. ಓಡ್ಬೇಡ, ರಸ್ತೆ ಬದಿ ನಿಂತ್ಕೋ ಸಾಕು."

ಅಣ್ಣ ಇಲ್ಲವೆಂದು ತಲೆಯಾಡಿಸಿದ. ಸ್ಕ್ರೂ ಡ್ರೈವರ್ ಮತ್ತೆ ಕೈಗೆತ್ತಿಕೊಂಡ. "ಆಗಲ್ಲ ಕಡ್ಡಿ. ಮಿಕ್ಕಿದ್ದೆಲ್ಲ ಆಗುತ್ತೆ. ನಿಂತು ನೋಡೋದು ಮಾತ್ರ ನನ್ನಿಂದ ಆಗಲ್ಲ."

ಅವಳು ಮತ್ತೆ ಒತ್ತಾಯಿಸಲಿಲ್ಲ.

ವರ್ಷವಿಡೀ ಮೈದಾನದ ಕಟ್ಟೆಯ ಮೇಲೆ ಲೋಟಗಳನ್ನಿಟ್ಟು, ಓಡುತ್ತಲೇ ಎತ್ತುವುದನ್ನು ಕಲಿತಳು. ಮೊದಮೊದಲು ಮೂಗಿಗೇ ನೀರು. ಮೇಷ್ಟ್ರು ಗಡಿಯಾರ ಹಿಡಿದು ಕೂಗುತ್ತಿದ್ದರು: "ಹದಿನೆಂಟು! ಹನ್ನೆರಡು! ಆರು! ಸಾಕು, ಇನ್ನು ಕಡಿಮೆ ಮಾಡಿದ್ರೆ ನೀರು ಕುಡಿಯೋದೇ ಬೇಡ."

ಎಂಟನೇ ವರ್ಷದ ಓಟದಲ್ಲಿ ಸೊಂಟದ ಬಾಟ್ಲಿ ಹದಿನೈದನೇ ಕಿಲೋಮೀಟರಿನವರೆಗೆ ಬಂತು. ಆಮೇಲಿನ ಸಾಲುಗಳಲ್ಲಿ ಅವಳು ಕೊನೆಯ ಮೇಜಿಗೇ ಹೋದಳು, ಕೈ ತೋರಿಸಿದಳು, ಅದುಮಿದಳು, ಓಡಿದಳು. ಪ್ರತಿ ಲೋಟವನ್ನೂ ಬೇರೆ ಬೇರೆ ಕೈ ಕೊಟ್ಟಿತು: ಬಳೆಯ ಕೈ, ಸುಕ್ಕಿನ ಕೈ, ರಬ್ಬರ್ ಗವಸಿನ ಕೈ. ಎಲ್ಲವೂ ಒಳ್ಳೆಯ ಕೈಗಳೇ. ಪ್ರತಿ ಸಲವೂ ಲೋಟ ಎಸೆದ ಮೇಲೆ ಅವಳ ಕಿವಿ ತಾನಾಗಿ ಹಿಂದಕ್ಕೆ ತಿರುಗುತ್ತಿತ್ತು, ಈಗ ಬರುತ್ತದೆ ಆ ಏದುಸಿರು ಎಂದು. ಮೂವತ್ತೇಳೂವರೆಯಲ್ಲಿ ಹಿಂತಿರುಗಿ ನೋಡಿಯೂಬಿಟ್ಟಳು. ಹನ್ನೊಂದು ಸೆಕೆಂಡು ಹೋಯಿತು.

ಮೂರು ಗಂಟೆ ಐವತ್ತೆಂಟು ನಿಮಿಷ ನಲವತ್ತೇಳು ಸೆಕೆಂಡು.

ಯಾರೋ ಕೊರಳಿಗೆ ಪದಕ ಹಾಕಿದರು. ಜನ ಒಬ್ಬರನ್ನೊಬ್ಬರು ತಬ್ಬಿಕೊಂಡು ಕುಣಿಯುತ್ತಿದ್ದರು. ಎಂಟು ವರ್ಷ ಬಯಸಿದ್ದು ಸಿಕ್ಕಿತ್ತು, ಸಿಕ್ಕಿದ್ದನ್ನು ತೋರಿಸಲು ಪಕ್ಕದಲ್ಲಿ ಯಾರೂ ಇರಲಿಲ್ಲ. ರಸ್ತೆಯ ಅಂಚಿನಲ್ಲಿ ಕೂತು ಫೋನ್ ಮಾಡಿದಳು. ಒಂದೇ ರಿಂಗಿಗೆ ಎತ್ತಿದ.

"ನೋಡ್ದೆ," ಎಂದ. ಅವನ ದನಿ ಒದ್ದೆಯಾಗಿತ್ತು. "ನಿಮ್ಮತ್ತಿಗೆ ಕುಣೀತಿದ್ದಾಳೆ ಇಲ್ಲಿ."

"ನೀನಿದ್ದಿದ್ರೆ ಐವತ್ತೇಳರಲ್ಲಿ ಮುಗೀತಿತ್ತು."

"ನಾನಿದ್ದಿದ್ರೆ ನೀನು ಲೋಟ ಹಿಡಿಯೋದು ಕಲೀತಿರ್ಲಿಲ್ಲ."

"ಕಲೀದಿದ್ರೇ ಚೆನ್ನಾಗಿತ್ತು ಅಣ್ಣ."

ಇಬ್ಬರೂ ಫೋನ್ ಇಡಲಿಲ್ಲ.

ಈಗ ಎರಡು ವಾರಕ್ಕೊಮ್ಮೆ ಅವಳು ಬಸ್ಸು ಹಿಡಿದು ಅಣ್ಣನ ಊರಿಗೆ ಹೋಗುತ್ತಾಳೆ. ಮನೆಯ ಹಿಂದೆ ಕಾಲುವೆಯ ಏರಿ ಇದೆ. ಡಾಕ್ಟರು ಅವನಿಗೆ ದಿನಕ್ಕೆ ಎರಡು ಕಿಲೋಮೀಟರು ನಡೆಯಲು ಹೇಳಿದ್ದಾರೆ. ಇಬ್ಬರೂ ಅಷ್ಟು ದೂರ ಹೋಗಿ ಬರುತ್ತಾರೆ. ಅವಳು ಗಡಿಯಾರ ಮನೆಯಲ್ಲೇ ಬಿಟ್ಟು ಬಂದಿರುತ್ತಾಳೆ. ನಡುನಡುವೆ ಅವನು ನಿಂತು ಮೊಣಕಾಲು ಒತ್ತಿಕೊಳ್ಳುತ್ತಾನೆ, ನೀರಿನ ಮೇಲೆ ಹಾರುವ ಕೊಕ್ಕರೆಗಳನ್ನು ತೋರಿಸುತ್ತಾನೆ. ಪಕ್ಕದಿಂದ ಯಾರಾದರೂ ಓಡುತ್ತ ಹಾದುಹೋದರೆ ಇಬ್ಬರೂ ಒಟ್ಟಿಗೇ ಮಾತು ನಿಲ್ಲಿಸುತ್ತಾರೆ. ಆ ಬೆನ್ನು ತಿರುವಿನಲ್ಲಿ ಮರೆಯಾಗುವವರೆಗೂ ನೋಡಿ, ಆಮೇಲೆ ಮೆಲ್ಲಗೆ ಹೆಜ್ಜೆ ಹಾಕುತ್ತಾರೆ.