ಭಿನ್ನರಾಶಿ, ಅಪ್ಪ ಅಮ್ಮಂದಿರಿಗೆ ಮಾತ್ರ

ಎಂಜಿನಿಯರ್ ಆಗಿದ್ದವಳು ಕೆಲಸ ಬಿಟ್ಟು ಆನ್‌ಲೈನ್ ಪಾಠ ಹೇಳಲು ಹೊರಟಳು. ಗಣಿತ ಅವಳಿಗೆ ನೀರು ಕುಡಿದಷ್ಟು ಸುಲಭ. ಪಾಠ ಮಾತ್ರ ಎಂದೂ ಹೇಳಿದವಳಲ್ಲ. ‘ಗಣಿತ, ಎಲ್ಲ ತರಗತಿಗಳಿಗೆ’ ಎಂದು ಜಾಹೀರಾತು ಹಾಕಿದಳು. ಅದನ್ನೇ ಬರೆದಿದ್ದ ಅನುಭವಿ ಮೇಷ್ಟ್ರುಗಳ ನಡುವೆ ಅವಳತ್ತ ಯಾರೂ ತಿರುಗಿ ನೋಡಲಿಲ್ಲ.

“ಎಲ್ಲರಿಗೂ ಅಂದ್ರೆ ಯಾರಿಗೂ ಅಲ್ಲ ಕಣೇ,” ಎಂದಳು ಅಕ್ಕ. “ಈಗ ನಿನ್ನ ಹತ್ರ ಲೆಕ್ಕ ಕೇಳೋರು ಯಾರು, ಅದನ್ನ ನೋಡು.”

ನೋಡಿದರೆ, ಲೆಕ್ಕ ಕೇಳಲು ಫೋನ್ ಮಾಡುತ್ತಿದ್ದ ಪರಿಚಯದವರೆಲ್ಲ ಮಕ್ಕಳ ಹೋಂವರ್ಕ್ ಮುಂದೆ ಬೆವರುತ್ತಿದ್ದ ಅಪ್ಪ ಅಮ್ಮಂದಿರು. ಅವರೆಲ್ಲ ಎಡವುತ್ತಿದ್ದದ್ದು ಭಿನ್ನರಾಶಿಯಲ್ಲಿ. ಅವಳು ಜಾಹೀರಾತು ಬದಲಿಸಿದಳು: ‘ಮಕ್ಕಳಿಗೆ ಭಿನ್ನರಾಶಿ ಹೇಳಿಕೊಡಬೇಕಾದ ಅಪ್ಪ ಅಮ್ಮಂದಿರಿಗೆ ಮಾತ್ರ. ಮುಖ ತೋರಿಸಬೇಕಾಗಿಲ್ಲ.’

ಮೊದಲ ತರಗತಿಗೆ ಬಂದವರೆಲ್ಲರದೂ ಕಪ್ಪು ಪರದೆ. ‘ಪೋಷಕ’ ಎಂಬ ಹೆಸರಿನವನು ಕೇಳಿದ, “ಅರ್ಧದಿಂದ ಭಾಗಿಸೋವಾಗ ಎರಡರಿಂದ ಯಾಕೆ ಗುಣಿಸ್ಬೇಕು?”

ಆ ದನಿ, ಗಣಿತದಲ್ಲಿ ತನಗೆ ನೂರಕ್ಕೆ ನೂರು ಎಂದು ಕೊಚ್ಚಿಕೊಳ್ಳುವ ಭಾವನದು. ಅವಳು ನಗು ನುಂಗಿಕೊಂಡಳು.

“ಮೂರು ಲೀಟರ್ ಹಾಲನ್ನ ಅರ್ಧ ಲೀಟರ್ ಬಾಟಲಿಗೆ ತುಂಬಿದ್ರೆ ಎಷ್ಟು ಬಾಟಲಿ ಬೇಕು?”

“ಆರು.”

“ಒಂದೊಂದು ಲೀಟರಿಗೂ ಎರಡೆರಡು ಬಾಟಲಿ ತಾನೆ? ಅದಕ್ಕೇ ಗುಣಿಸೋದು.”

“ಅಯ್ಯೋ, ಇಷ್ಟೇನಾ?”

ಭಾವನ ಹಿಂದಿನಿಂದ ಅಕ್ಕನ ದನಿ ಕೇಳಿಸಿತು: “ರೀ, ಮೆಲ್ಲಗೆ ಮಾತಾಡಿ. ನೀವೂಂತ ಅವಳಿಗೆ ಗೊತ್ತಾಗಿಬಿಡುತ್ತೆ.”