ಶುಕ್ರವಾರದ ಬದಲಿ

ಪ್ರಮಿಲಾ ಕಂಪ್ಯೂಟರಿನ ಮುಂದೆ ಕುಳಿತು ತನ್ನಷ್ಟಕ್ಕೆ ನಗುತ್ತ ಏನೋ ಬಡಿಯುತ್ತಿದ್ದಳು. ಸುಭದ್ರಾಬಾಯಿ ನೀರು ಕುಡಿಯುವ ನೆಪದಲ್ಲಿ ಎದ್ದು ಅವಳ ಬೆನ್ನ ಹಿಂದೆ ಹಾದುಹೋದಳು. ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದಿತ್ತು. ಮೇಲಿನ ಸಾಲು: ಶುಕ್ರವಾರದ ಬದಲಿ. ಅದರ ಕೆಳಗೆ: ಸುಭದ್ರಾಬಾಯಿ ಅವರದು ಮೊದಲು, ಮುಂದಿನ ವಾರ ಜೇವರ್ಗಿಗೆ. ಅಷ್ಟರಲ್ಲಿ ಹುಡುಗಿ ತಿರುಗಿ ನೋಡಿ ಪರದೆಯ ಮೇಲೆ ಬೇರೇನನ್ನೋ ತಂದುಬಿಟ್ಟಳು.

"ಏನ್ ಬರ್ಯಾಕತ್ತೀಯವ್ವ?"

"ಏನಿಲ್ರಿ ಅಕ್ಕಾವ್ರ, ಸಾಹೇಬ್ರಿಗೊಂದು ಇ-ಮೇಲು."

ಸುಭದ್ರಾಬಾಯಿ ನೀರು ಕುಡಿಯದೆಯೇ ತನ್ನ ಕುರ್ಚಿಗೆ ಮರಳಿದಳು. ತೊಗರಿ ಬೀಜದ ಆ ಸಂಸ್ಥೆಗೆ ಆಳಂದ, ಅಫಜಲಪುರ, ಜೇವರ್ಗಿ ಮೂರು ಕಡೆ ಪುಟ್ಟ ಪುಟ್ಟ ಕಚೇರಿಗಳು; ಇದು ಆಳಂದದ್ದು. ಮೂರಕ್ಕೂ ಸಾಹೇಬರು ಒಬ್ಬರೇ, ದೇವಿಂದ್ರಪ್ಪನವರು. ಜೀಪಿನಲ್ಲಿ ಸುತ್ತುತ್ತ, ಈ ವಾರ ಜೇವರ್ಗಿಯಲ್ಲಿ ಕುಳಿತಿದ್ದರು. ಈ ಕಚೇರಿಯಲ್ಲಿ ಬದಲಿ ಎಂದರೆ ವರ್ಗಾವಣೆ, ಬೇರೆ ಅರ್ಥವಿರಲಿಲ್ಲ. ಜೇವರ್ಗಿಗೆ ಯಾರಾದರೊಬ್ಬರನ್ನು ಕಳಿಸಬೇಕು ಎಂಬ ಮಾತು ಮಳೆಗಾಲಕ್ಕೂ ಮೊದಲೇ ಹುಟ್ಟಿತ್ತು.

ಅವಳು ಹೋಗುವಂತಿರಲಿಲ್ಲ. ಗಂಡ ನಾಗಣ್ಣ ಮನೆ ಮುಂದೆಯೇ ಹಿಟ್ಟಿನ ಗಿರಣಿ ನಡೆಸುತ್ತಿದ್ದ. ಹಿಂದೊಮ್ಮೆ ಯಂತ್ರದ ಚಕ್ರ ತಿರುಗಿಸುವ ಪಟ್ಟಾಕ್ಕೆ ಸಿಕ್ಕ ಅವನ ಬಲಗೈಯಲ್ಲಿ ಹಿಡಿತವಿರಲಿಲ್ಲ. ಬೆಳಿಗ್ಗೆ ಪಟ್ಟಾ ಏರಿಸುವವಳು, ಜೋಳ ಸುರಿಯುವವಳು ಇವಳೇ. ಸಂಜೆ ಬಂದು ಇಳಿಸುವವಳೂ ಇವಳೇ. ಇವಳು ಜೇವರ್ಗಿಗೆ ಹೋದರೆ ಗಿರಣಿ ಮುಚ್ಚಿದಂತೆಯೇ. ಈ ಹುಡುಗಿ ಬಂದ ದಿನವೇ ತನ್ನ ಟೈಪರೈಟರಿಗೆ ಬಟ್ಟೆ ಮುಚ್ಚಿದ್ದರು. ಈಗ ಕುರ್ಚಿಯ ಸರದಿ ಎಂದುಕೊಂಡಳು.

ಮೇಲು ಹೋಗುವುದು ಫೋನಿನ ತಂತಿಯಲ್ಲೇ ಎಂಬುದನ್ನು ಸುಭದ್ರಾಬಾಯಿ ಇಷ್ಟರಲ್ಲಿ ತಿಳಿದುಕೊಂಡಿದ್ದಳು. ಕಂಪ್ಯೂಟರಿನ ಪಕ್ಕದ ಮೋಡೆಮ್ ಡಬ್ಬಿ ಗುಲ್ಬರ್ಗದ ನಂಬರು ಒತ್ತುತ್ತದೆ, ಕುಂಯ್ಯೆಂದು ಸಿಳ್ಳೆ ಹೊಡೆಯುತ್ತದೆ, ಆಮೇಲೆ ಗಂಟಲು ಕೆರೆದಂತೆ ಸದ್ದು ಮಾಡಿ ಕೂಡಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ಯಾರಾದರೂ ರಿಸೀವರ್ ಎತ್ತಿದರೆ ಕೂಡಿದ್ದು ಕಡಿದಂತೆಯೇ. ಫೋನ್ ಇದ್ದದ್ದು ಅವಳ ಟೇಬಲ್ಲಿನ ಮೇಲೆ.

ಸಿಳ್ಳೆ ಕೇಳಿಸಿತು. ಅವಳು ರಿಸೀವರ್ ಎತ್ತಿ ಮೆಲ್ಲಗೆ ಇಟ್ಟಳು. ಪ್ರಮಿಲಾ ಮತ್ತೆ ಹಚ್ಚಿದಳು. ಇವಳು ಮತ್ತೆ ಎತ್ತಿದಳು.

"ಅಕ್ಕಾವ್ರ, ಫೋನ್ ಎತ್ತೀರೇನ್ರಿ?"

"ಬೆಲ್ ಬಾರಿಸ್ದಂಗಾತು."

ಎದುರಿಗೆ ಬೀಜದ ಚೀಲಗಳಿಗೆ ಚೀಟಿ ಕಟ್ಟುತ್ತಿದ್ದ ಗೌಸಮೊಹಿದ್ದೀನ ತಲೆ ಎತ್ತಲಿಲ್ಲ. ಹೊಲ ತಿರುಗುವ ಸೂಪರ್‌ವೈಸರ್ ಅವನು, ಮಾತಿನಲ್ಲಿ ಬಲು ಖೋಡಿ, ಚುಚ್ಚದೆ ಬಿಡುವವನಲ್ಲ. "ಬಾರಿಸಲಾರದ ಬೆಲ್ಲು ಬಾಯಿಯವ್ರಿಗಷ್ಟ ಕೇಳಸ್ತದ್ರಿ. ಖುದಾ ಕೊಟ್ಟ ಕಿವಿ."

ಕಡೆಗೆ ಪ್ರಮಿಲಾ ಸೋತು ಮೇಲನ್ನು ಪ್ರಿಂಟ್ ತೆಗೆದಳು. ಯಂತ್ರ ಕರ್ರಕರ್ರ ಎಂದು ಹಾಳೆ ಉಗುಳಿತು. "ಹೆಂಗೂ ಹೋಗವಲ್ದು. ನೀವೆಲ್ಲಾ ಒಮ್ಮೆ ಕೇಳಿಬಿಡ್ರಿ, ಒಪ್ಪಿಗಿ ಇದ್ರ ಕಳಸ್ತೇನಿ," ಎಂದು ಹಾಳೆಯನ್ನು ಗೌಸನ ಕೈಗೆ ಕೊಟ್ಟಳು. ಸುಭದ್ರಾಬಾಯಿ ಸೆರಗು ಬಿಗಿದುಕೊಂಡು ಕುಳಿತಳು. ಎಲ್ಲರ ಮುಂದೆಯೇ ಆಗಲಿ.

ಗೌಸ ಅಕ್ಷರ ಕೂಡಿಸುತ್ತ ಓದಿದ. ಕಚೇರಿಯ ಟೇಪ್‌ರೆಕಾರ್ಡರು ಧೂಳು ತಿನ್ನುತ್ತಿದೆ. ಪ್ರತಿ ಶುಕ್ರವಾರ ಒಬ್ಬರು ಒಂದು ಕ್ಯಾಸೆಟ್ಟಿನಷ್ಟು ಹಾಡು ಆರಿಸಬೇಕು, ಮರುವಾರ ಇನ್ನೊಬ್ಬರು. ಹೀಗೆ ಬದಲಿ. ಹಿರಿಯರಾದ್ದರಿಂದ ಸುಭದ್ರಾಬಾಯಿ ಅವರದು ಮೊದಲು. ಕೇಳಿ ಮುಗಿದ ಕ್ಯಾಸೆಟ್ಟು ಮುಂದಿನ ವಾರ ಸಾಹೇಬರ ಜೀಪಿನಲ್ಲಿ ಜೇವರ್ಗಿಗೆ, ಅಲ್ಲಿಂದ ಅಫಜಲಪುರಕ್ಕೆ. ಮೊದಲ ಬದಿ ಬೆಳಿಗ್ಗೆ, ಎರಡನೆಯದು ಗೌಸಭಾಯಿ ನಮಾಜು ಮುಗಿಸಿ ಬಂದ ಮೇಲೆ. ಆಜಾನಿನ ಹೊತ್ತಿಗೆ ಬಂದ್.

ಆ ಶುಕ್ರವಾರ ಎಂಥ ದಿನವೋ ಅಂಥ ಹಾಡು ಎಂದಿತ್ತು ಮುಂದೆ. ಲೆಕ್ಕ ಮುಗಿಸುವ ದಿನ ಮಾತಿಲ್ಲದ್ದು, ಶಹನಾಯಿಯೋ ಕೊಳಲೋ. ಮಾತಿದ್ದರೆ ಅಂಕಿ ತಪ್ಪುತ್ತವೆ. ಭೂಸನೂರು ಕಡೆಯ ರೈತರು ಬೀಜಕ್ಕೆ ಸಾಲು ಹಚ್ಚುವ ದಿನ ತತ್ವಪದ, ದನಿ ಸಣ್ಣಗೆ. ಕೇಳುತ್ತ ನಿಂತವರು ತಳ್ಳಾಡುವುದಿಲ್ಲ. ಕರೆಂಟ್ ಹೋದ ದಿನ ಎಲ್ಲರಿಗೂ ಬಾಯಿಗೆ ಬರುವ ಹಳೆ ಸಿನಿಮಾ ಹಾಡು. ಸೆಲ್ ಮುಗಿದು ಟೇಪು ಎಳೆದಾಡಿದರೆ ನಾವೇ ಮುಂದುವರಿಸಬಹುದು. ಯಾರ ಮನೆಯಲ್ಲಾದರೂ ಕಷ್ಟವಿದ್ದರೆ ಟೇಪು ಹಚ್ಚುವುದೇ ಇಲ್ಲ. ಯಾರಿಗೇ ಆಗಲಿ ಒಂದು ಹಾಡು ಬೇಡವೆನ್ನುವ ಹಕ್ಕಿದೆ, ಕಾರಣ ಕೇಳುವಂತಿಲ್ಲ.

"ಬೀಜ ಪಾಕೀಟು ತುಂಬೂ ದಿನ," ಗೌಸ ಕೊನೆಯದನ್ನು ಓದಿದ, "ಬೀಸೂ ಪದ. ಸುಭದ್ರಾಬಾಯಿಯವ್ರು ಪಾಕೀಟಿಗೆ ಪಿನ್ ಹೊಡ್ಯಾಗ ಗುನುಗತಾರಲ್ಲ, ಅಂಥಾವು."

ಸುಭದ್ರಾಬಾಯಿಗೆ ತಾನು ಗುನುಗುವುದೇ ಗೊತ್ತಿರಲಿಲ್ಲ. "ಇದನ್ನ ನನಗ ಮೊದ್ಲ ಯಾಕ ಹೇಳ್ಲಿಲ್ಲ?"

"ಹೇಳಿದ್ರ ಬ್ಯಾಡ ಅಂತಿದ್ರಿ," ಎಂದಳು ಪ್ರಮಿಲಾ.

ಅದು ಸುಳ್ಳಲ್ಲ. ಆದರೂ ಒಳಗಿನ ಅಳುಕು ಪೂರ್ತಿ ಇಳಿಯಲಿಲ್ಲ. "ಬದ್ಲಿ ಅನ್ನೂ ಮಾತು ತೆಗಿ," ಎಂದಳು.

"ಬದ್ಲಿ ಅಂದ್ರ ಬದ್ಲಿ ಅಷ್ಟರಿ. ನಮ್ಮ ಅಫಜಲಪುರದಾಗ ಕೈಯಾಗಿನ ಬಳಿ ಬದ್ಲಿ ಮಾಡಿದ್ರೂ ಹಂಗ ಅಂತೀವಿ," ಎಂದಳು ಹುಡುಗಿ.

ಇನ್ನೂ ಎಳೆದಾಡಿದರೆ ಫೋನಿನ ಗುಟ್ಟು ಹೊರಬೀಳುತ್ತದೆ ಎನಿಸಿ ಸುಭದ್ರಾಬಾಯಿ ಒಪ್ಪಿಗೆ ಎಂದು ತಲೆಯಾಡಿಸಿದಳು. ಈ ಸಲ ಸಿಳ್ಳೆ ಕೇಳಿಸಿದಾಗ ಎರಡೂ ಕೈ ಮಡಿಲಲ್ಲಿಟ್ಟುಕೊಂಡಳು. ಮೇಲು ಹೋಯಿತು.

ಸೋಮವಾರ ಉತ್ತರ ಬಂತು. ಪ್ರಮಿಲಾ ಗಟ್ಟಿಯಾಗಿ ಓದತೊಡಗಿದವಳು ನಡುವೆಯೇ ನಿಂತಳು. ಸುಭದ್ರಾಬಾಯಿ ಎದ್ದು ಬಂದು ತಾನೇ ಓದಿದಳು. ಬದಲಿಗೆ ಒಪ್ಪಿಗೆ ಇದೆ. ಸುಭದ್ರಾಬಾಯಿ ಮೊದಲು ಜೇವರ್ಗಿಗೆ ಬರಲಿ. ಆದೇಶ ಕಳಿಸುತ್ತೇನೆ. ಉಳಿದವರೂ ತಯಾರಿರಲಿ.

ಗೌಸ ಕಟ್ಟುತ್ತಿದ್ದ ಚೀಟಿ ಕೆಳಗಿಟ್ಟ. ಪ್ರಮಿಲಾಳ ಮುಖ ಬಿಳಿಚಿತ್ತು. "ಅಕ್ಕಾವ್ರ, ನನ್ನ ಮನಸಿನ್ಯಾಗ ಹಂಗ..."

ಸುಭದ್ರಾಬಾಯಿ ಅವಳನ್ನೇ ನೋಡಿದಳು. ಹುಡುಗಿಯ ಕಣ್ಣಲ್ಲಿ ನೀರು ತುಂಬಿತ್ತು. ನಟನೆ ಇರಬಹುದೇ ಎಂದು ಒಂದು ಗಳಿಗೆ ತಡೆದಳು. ಇರಲಾರದು. "ಬದ್ಲಿ ಅಂದ್ರ ಏನಂತ ಈಗ ತಿಳೀತಿಲ್ಲೋ? ನಿನ್ನ ಡಬ್ಬಿ ಬಂದ್ ಮಾಡು. ಫೋನ್ ಖಾಲಿ ಆಗ್ಲಿ."

ಸುಭದ್ರಾಬಾಯಿ ತಾನೇ ಜೇವರ್ಗಿಗೆ ಫೋನ್ ಹಚ್ಚಿದಳು. ಆ ತುದಿಯಲ್ಲಿ ದೇವಿಂದ್ರಪ್ಪನವರು. ಬದಲಿ ಬರೀ ಹಾಡಿನದು ಎಂದಳು. "ಹಾಡ? ಯಾವ ಹಾಡ್ರೀ ಬಾಯಿ?"

"ಮೇಲಿನ್ಯಾಗ ಬರದಾಳಲ್ರಿ, ಎಲ್ಲಾ."

"ಇಲ್ಲಿಯವ್ರು ನನಗ ಮ್ಯಾಲಿನ ಎರಡು ಸಾಲ ಓದಿ ಹೇಳಿದ್ರು. ಬದ್ಲಿ ಅಂತಿತ್ತು, ನಿಮ್ಮ ಹೆಸರಿತ್ತು, ಜೇವರ್ಗಿ ಅಂತಿತ್ತು. ಈ ಊರಿಗೆ ಯಾರೂ ಬರೋದಿಲ್ಲ, ಇವ್ರು ತಾವಾಗೇ ವಾರಕ್ಕೊಬ್ರು ಬರ್ತೀವಂತಾರಲ್ಲ ಅಂತ ಭಾಳ ಖುಷಿ ಆಗಿತ್ತು."

"ಗಿರಣಿ ಬಿಟ್ಟು ನಾ ಬರಾಕಾಗೂದಿಲ್ರಿ."

"ಆಯ್ತು. ಹಾಡಿನ ಸುದ್ದಿ ಬ್ಯಾರೆ ಮೇಲಿನ್ಯಾಗ ತಿಳಿಯೂಹಂಗ ಬರದು ಕಳಸ್ರಿ. ಅದನ್ನ ನೋಡಿ ಇದನ್ನ ರದ್ದು ಮಾಡ್ತೇನಿ."

ಹಾಗಾಗಿ ಎರಡನೆಯ ಮೇಲನ್ನು ಸುಭದ್ರಾಬಾಯಿ ನಿಂತು ಹೇಳಿದಳು, ಪ್ರಮಿಲಾ ಬಡಿದಳು. ಬದಲಿ ಹೋಗಿ ಪಾಳಿ ಬಂತು.

"ಪಾಳಿ ಅಂದ್ರ ರಾತ್ರಿಪಾಳಿ ಹಾಕಿಬಿಟ್ಟಾರ್ರೀ," ಎಂದ ಗೌಸ.

ಪಾಳಿಯೂ ಹೋಯಿತು. ಮೇಲಿನ ಸಾಲು ಕಡೆಗೆ ಹೀಗಾಯಿತು: ಶುಕ್ರವಾರ ಕ್ಯಾಸೆಟ್ ಹಚ್ಚುವ ಸರದಿ, ಮನುಷ್ಯರು ಎಲ್ಲಿಗೂ ಹೋಗುವುದಿಲ್ಲ. ಜೇವರ್ಗಿ ಎಂಬಲ್ಲೆಲ್ಲ ಅವಳು ಕ್ಯಾಸೆಟ್ ಎಂಬ ಮಾತನ್ನು ಹಿಂದೆ ಮುಂದೆ ಎರಡೂ ಕಡೆ ಕೂಡಿಸಿದಳು. ಸಂಜೆಯೊಳಗೆ ಆದೇಶ ರದ್ದೆಂಬ ಉತ್ತರ ಬಂತು. ಅವಳು ಅದರ ಹಾಳೆಯನ್ನು ಮಡಚಿ ಗಿರಣಿಗೆ ಒಯ್ದು, ಹಿಟ್ಟು ಮೆತ್ತಿದ ಗಂಡನ ಎಡಗೈಗೆ ಕೊಟ್ಟಳು.

ಆ ಶುಕ್ರವಾರ ಪಾಕೀಟು ತುಂಬುವ ದಿನ. ನಿಂಬರ್ಗಾದಲ್ಲಿರುವ ಅಕ್ಕನ ಮನೆಯಿಂದ ತರಿಸಿದ ಕ್ಯಾಸೆಟ್ಟಿನಲ್ಲಿ ಹೆಂಗಸರು ಬೀಸುವ ಪದ ಹಾಡುತ್ತಿದ್ದರು. ಹಿಂದೆ ಕಲ್ಲಿನ ಗರಗರವೂ ಇತ್ತು. ಅದರ ಲಯಕ್ಕೆ ಪಾಕೀಟುಗಳಿಗೆ ಪಿನ್ನು ಬೀಳುತ್ತಿದ್ದವು. ಗೌಸನ ಕೈ ಸಹ ಅದೇ ಲೆಕ್ಕಕ್ಕೆ ಬಂದಿತ್ತು.

ಮೊದಲ ಬದಿ ಮುಗಿಯುವ ಹೊತ್ತಿಗೆ ಪ್ರಮಿಲಾ ಮತ್ತೆ ಕಂಪ್ಯೂಟರಿಗೆ ಕುಳಿತಳು. ಡಬ್ಬಿ ಸಿಳ್ಳೆ ಹಾಕಿತು. ಸುಭದ್ರಾಬಾಯಿಯ ಕೈ ತಾನಾಗಿ ರಿಸೀವರಿನ ಮೇಲೆ ಹೋಗಿ ಕುಳಿತಿತು.

ಪ್ರಮಿಲಾ ಅದನ್ನು ನೋಡಿದಳು. ಹಿಂದಿನ ವಾರದ ಬಾರಿಸದ ಬೆಲ್ಲು ಆಗ ಅವಳಿಗೆ ಅರ್ಥವಾಯಿತು. ಪರದೆಯನ್ನು ಸುಭದ್ರಾಬಾಯಿಯ ಕಡೆ ತಿರುಗಿಸಿದಳು.

"ಮ್ಯಾಲಿನ ಸಾಲ ಓದು," ಎಂದಳು ಸುಭದ್ರಾಬಾಯಿ.

"ಅಫಜಲಪುರಕ್ಕ ತೊಗರಿ ಬೀಜ, ಚೀಲದ ಲೆಕ್ಕ."

"ಅದರ ಕೆಳಗಿಂದು?"

ಪ್ರಮಿಲಾ ಓದಿದಳು, ಕೊನೆಯ ಸಾಲಿನವರೆಗೂ. ಆಮೇಲೆ ಸುಭದ್ರಾಬಾಯಿ ರಿಸೀವರಿನಿಂದ ಕೈ ತೆಗೆದು ಪಿನ್ನಿನ ಯಂತ್ರ ಹಿಡಿದಳು.